ಮೂವರು ಬರೆದರೂ ಒಂದೇ ದನಿ: ಗಾಂಧಿಬಜಾರಿನ ಅಂಗಡಿಯ ಕ್ಯಾಪ್ಶನ್‌ಗಳು

ಗಾಂಧಿಬಜಾರಿನ ಒಂದು ಚಟ್ನಿಪುಡಿ, ಹಪ್ಪಳದ ಅಂಗಡಿಯ ಇನ್‌ಸ್ಟಾಗ್ರಾಂ ನೋಡಿಕೊಳ್ಳುತ್ತೇನೆ. ಬರೆಯುವವರು ಮೂವರು. ಒಬ್ಬಳು ಧಾರವಾಡದವಳು, ಇನ್ನೊಬ್ಬ ಮಂಗಳೂರಿನವನು, ಮತ್ತೊಬ್ಬ ಇಲ್ಲೇ ಜಯನಗರದ ಹುಡುಗ. ಒಂದೇ ಚಟ್ನಿಪುಡಿಗೆ ಒಂದು ವಾರ ‘ಬಂದೈತ್ರಿ, ಲಗೂನ ಬರ್ರಿ’, ಇನ್ನೊಂದು ವಾರ ‘ಹೊಸ ಸ್ಟಾಕ್ ಉಂಟು ಮಾರಾಯ್ರೆ’, ಅದರ ಮುಂದಿನ ವಾರ ‘ಗೈಸ್, ಸೂಪರ್ ಟೇಸ್ಟಿ, ಮಿಸ್ ಮಾಡ್ಕೋಬೇಡಿ!!’ ಮೂರೂ ಚೆನ್ನಾಗಿವೆ. ಆದರೆ ಅಂಗಡಿ ಒಂದೇ ಅಲ್ವಾ?

ನಾನು ಬರುವ ಮೊದಲು ಯಜಮಾನರು ಸುಮಾರು 25 ಸಾವಿರ ಕೊಟ್ಟು, ಕ್ಯಾಪ್ಶನ್ ಯಾವ ದನಿಯಲ್ಲಿ ಬರೆಯಬೇಕು ಅಂತ ಒಂದು ಗೈಡ್ ಮಾಡಿಸಿದ್ದರು. ನಲವತ್ತು ಸ್ಲೈಡ್. ‘ನಮ್ಮ ದನಿ: ಆತ್ಮೀಯ, ಸಾಂಪ್ರದಾಯಿಕ, ತಾಜಾ.’ ಮೂವರೂ ಓದಿದರು, ಮೂವರೂ ‘ನಾನು ಆತ್ಮೀಯವಾಗೇ ಬರೀತಿದ್ದೀನಿ’ ಅಂದರು. ನಿಜವೇ. ಧಾರವಾಡದವಳಿಗೆ ‘ಬರ್ರಿ’ಗಿಂತ ಆತ್ಮೀಯ ಮಾತು ಇನ್ಯಾವುದು?

ನಾನೂ ಮೊದಲು ಎಡವಿದೆ. ಬಳಸಬಾರದ ಪದಗಳ ಪಟ್ಟಿ ಮಾಡಿದೆ, ಎಂಬತ್ತು ತೊಂಬತ್ತು ಪದ ಆಯಿತು. ಅವರು ಹೆದರಿ ಹೆದರಿ ಬರೆದರು. ಕ್ಯಾಪ್ಶನ್ ಸರ್ಕಾರಿ ಸುತ್ತೋಲೆ ಥರ ಬಂತು. ಯಜಮಾನರು ‘ಮಾತಿಗೆಲ್ಲ ರೂಲ್ಸ್ ಮಾಡೋಕಾಗುತ್ತಾ, ಬಿಡಿ’ ಅಂದರು. ಆ ತಿಂಗಳು ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ದಾರಿ ಸಿಕ್ಕಿದ್ದು ಗಲ್ಲಾಪೆಟ್ಟಿಗೆ ಹತ್ತಿರ. ಯಜಮಾನರ ಒಪ್ಪಿಗೆ ಪಡೆದು ಎರಡು ಶನಿವಾರ ಪಕ್ಕದಲ್ಲಿ ಕೂತು, ಅವರು ಗಿರಾಕಿಗಳಿಗೆ ಏನು ಹೇಳುತ್ತಾರೆ ಅಂತ ಬರೆದುಕೊಂಡೆ. ಮೂರ್ನಾಲ್ಕು ಗಂಟೆಯಲ್ಲಿ ಒಂದು ಸಲವೂ ಅವರು ‘ರುಚಿಯಾಗಿದೆ’ ಅನ್ನಲಿಲ್ಲ. ಯಾವಾಗ ಕುಟ್ಟಿದ್ದು, ಯಾವುದರ ಜೊತೆ ತಿನ್ನಬೇಕು, ಎಷ್ಟು ದಿನ ಇಡಬಹುದು, ಇಷ್ಟೇ ಹೇಳುತ್ತಿದ್ದರು. ಹೊಗಳುವ ಕೆಲಸ ಗಿರಾಕಿಗೆ ಬಿಟ್ಟಿದ್ದರು. ಆ ಅಂಗಡಿಯ ದನಿ ಅದೇ.

ಹೊಸ ಗೈಡ್ ಎರಡು ಪುಟ. ಮೊದಲ ಪುಟದಲ್ಲಿ ಆ ಮೂರು ವಿಷಯ, ಅದೇ ಕ್ರಮದಲ್ಲಿ. ಫೀಡ್‌ನಲ್ಲಿ ಕ್ಯಾಪ್ಶನ್ನಿನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಆದ್ದರಿಂದ ‘ಯಾವಾಗ’ ಮೊದಲು ಬರಬೇಕು. ಎರಡನೇ ಪುಟದಲ್ಲಿ ಭಾಷೆಯ ತೀರ್ಮಾನಗಳು. ‘ಇರುತ್ತದೆ’ ಅಲ್ಲ, ‘ಇರುತ್ತೆ’. ‘ಬನ್ನಿ’, ‘ನೋಡಿ’ ಸಾಕು, ‘ರೀ’ ಬೇಡ, ‘ಮಾರಾಯ್ರೆ’ ಬೇಡ. ಅಂಗಡಿ ತನ್ನನ್ನು ‘ನಾವು’ ಅನ್ನುತ್ತೆ. ಪ್ರತಿ ನಿಯಮದ ಕೆಳಗೆ ಆ ಮೂವರೇ ಬರೆದ ಹಳೆಯ ಕ್ಯಾಪ್ಶನ್, ಅದರ ಪಕ್ಕ ತಿದ್ದಿದ್ದು. ಈಗ ಯಾರು ಬರೆದರೂ ಹೀಗೆ ಬರುತ್ತೆ: ‘ಇವತ್ತು ಬೆಳಗ್ಗೆ ಕುಟ್ಟಿದ ಚಟ್ನಿಪುಡಿ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿಕೊಳ್ಳಿ. ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ತಿಂಗಳು ಇರುತ್ತೆ.’

ಗಲ್ಲಾಪೆಟ್ಟಿಗೆ ಹತ್ತಿರ ಕೂತಾಗ ಯಜಮಾನರನ್ನು ಮಾತಿಗೆಳೆಯಲು ನಾನು ಕೇಳುವ ಕೆಲವು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಗೈಡ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಹತ್ತು ಕ್ಯಾಪ್ಶನ್ ಹೆಸರಿಲ್ಲದೆ ಪ್ರಿಂಟ್ ತೆಗೆದು ಯಜಮಾನರ ಮುಂದೆ ಇಟ್ಟೆ, ಯಾರು ಬರೆದಿದ್ದು ಹೇಳಿ ಅಂದೆ. ಮೊದಲ ಸಲ ಎಂಟು ಸರಿ ಹೇಳಿದರು. ತಿಂಗಳಾದ ಮೇಲೆ ಆರು. ಮೂರನೇ ಸಲ ಮೂರು. ಮೂವರಲ್ಲಿ ಒಬ್ಬರು ಅಂತ ಕಣ್ಣು ಮುಚ್ಚಿ ಹೇಳಿದರೂ ಹತ್ತಕ್ಕೆ ಮೂರ್ನಾಲ್ಕು ಸರಿ ಬೀಳುತ್ತೆ. ಅಂದರೆ ಅವರು ಬರೀ ಊಹೆ ಮಾಡುತ್ತಿದ್ದರು. ಅವತ್ತು ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನಡುವೆ ಎರಡು ವಾರ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಸಿ ನೋಡಿದೆ. ಕಾಮೆಂಟು ಸ್ವಲ್ಪ ಜಾಸ್ತಿ ಬಂತು. ಆದರೆ ಒಬ್ಬರು chutney pudi, ಒಬ್ಬರು chatni pudi, ಇನ್ನೊಬ್ಬರು chatnipudi. ಒಂದು ಗೊಂದಲ ಬಗೆಹರಿಸಲು ಹೋಗಿ ಇನ್ನೊಂದು ಹುಟ್ಟಿತು. ಬಿಟ್ಟೆ. ಹ್ಯಾಶ್‌ಟ್ಯಾಗಿಗೆ ಮಾತ್ರ #chutneypudi ಅಂತ ಒಂದೇ ಸ್ಪೆಲಿಂಗ್ ಉಳಿಸಿಕೊಂಡೆ.

ಒಂದು ಕಡೆ ಗೈಡ್ ಕೈಕೊಟ್ಟಿತು. ದಸರಾ ಹೊತ್ತಿಗೆ ಪಾರ್ಸಲ್ ತಡವಾಗಿ ಒಬ್ಬರು ಸಿಟ್ಟಲ್ಲಿ ಕಾಮೆಂಟ್ ಹಾಕಿದರು. ನಮ್ಮ ಹುಡುಗ ನಿಯಮದ ಪ್ರಕಾರವೇ, ‘ನಾಳೆ ಬರುತ್ತೆ, ಮೊಸರನ್ನದ ಜೊತೆ ತಿಂದು ನೋಡಿ’ ಅಂತ ಉತ್ತರಿಸಿದ. ಅವರಿಗೆ ಇನ್ನೂ ಕೋಪ ಬಂತು. ಹುಡುಗನ ತಪ್ಪಲ್ಲ, ಗೈಡಿನಲ್ಲಿ ದೂರಿನ ಮಾತೇ ಇರಲಿಲ್ಲ. ಈಗ ಅದಕ್ಕೆ ಬೇರೆ ಅರ್ಧ ಪುಟ ಇದೆ: ಮೊದಲು ‘ತಪ್ಪಾಯ್ತು’, ಆಮೇಲೆ ಪಾರ್ಸಲ್ ಎಲ್ಲಿದೆ, ಆಮೇಲೆ ಯಾವತ್ತು ಬರುತ್ತೆ. ತಿಂಡಿಯ ಮಾತಿಲ್ಲ.

ಮೊದಲು ತಿದ್ದುವುದಕ್ಕೆ ದಿನಕ್ಕೆ ಒಂದೂವರೆ ಗಂಟೆ ವಾಟ್ಸಾಪಿನಲ್ಲೇ ಹೋಗುತ್ತಿತ್ತು. ಈಗ ವಾರಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ಈ ಗೈಡಿಗೆ ನಾನು ತೆಗೆದುಕೊಂಡಿದ್ದು ಸುಮಾರು 12 ಸಾವಿರ. ಹೋದ ತಿಂಗಳು ಕಲಬುರಗಿಯ ಹುಡುಗಿಯೊಬ್ಬಳು ಸೇರಿದಳು. ಎರಡೂವರೆ ಪುಟ ಓದಿ ಸಂಜೆಗೆ ಮೂರು ಕ್ಯಾಪ್ಶನ್ ಕಳಿಸಿದಳು. ಯಜಮಾನರು ‘ಭಾಳ’ ಅನ್ನುವ ಒಂದು ಪದ ಹೊಡೆದು, ಉಳಿದಿದ್ದನ್ನು ಹಾಗೇ ಹಾಕಿ ಅಂದರು.