ಬೂಟಿಗೆ ಮೇಣವೋ, ಸ್ಪ್ರೇಯೋ?

ಜೂನ್ ಮೊದಲ ವಾರ ಮೊಮ್ಮಗ ಬೆಂಗಳೂರಿನಿಂದ ಮೂಡಿಗೆರೆಗೆ ಬಂದ. ಕಾಲಲ್ಲಿ ಹೊಸ ಚರ್ಮದ ಬೂಟು, ಒಳ್ಳೆ ಅಚ್ಚು ಬೆಲ್ಲದ ಬಣ್ಣ. "ಅಜ್ಜ, ಇದಕ್ಕೆ ನೀರು ಇಳೀದೇ ಇರೋ ಹಾಗೆ ಏನು ಹಚ್ಚಲಿ? ವ್ಯಾಕ್ಸಾ, ಸ್ಪ್ರೇನಾ?" ಅಂತ ಕೇಳಿದ. ಮೂವತ್ತು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು ನಾನು. ಅಷ್ಟೂ ಮಳೆಗಾಲ ಚರ್ಮದ ಬೂಟಿನಲ್ಲೇ ಓಡಾಡಿದ್ದೇನೆ. ಬಾಯಲ್ಲಿ ಹೇಳಿದರೆ ಈಗಿನ ಹುಡುಗರು ನಂಬುವುದಿಲ್ಲ. ಅದಕ್ಕೇ ಎಡಗಾಲಿನ ಬೂಟಿಗೆ ಮೇಣ, ಬಲಗಾಲಿನದಕ್ಕೆ ಸ್ಪ್ರೇ ಹಾಕಿ ತೋರಿಸಿದೆ.

ಮೊದಲು ಲೇಸ್ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಒಳಗೆ ನ್ಯೂಸ್‌ಪೇಪರ್ ತುರುಕಿ ಒಂದು ದಿನ ಗಾಳಿಗೆ ಇಟ್ಟೆವು. ಚರ್ಮ ಒಣಗದೇ ಮೇಣ ಹಚ್ಚಿದರೆ ಒಳಗಿನ ಪಸೆ ಅಲ್ಲೇ ಉಳಿಯುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಒಣಗಲಿ ಅಂತ ಬಚ್ಚಲ ಒಲೆ ಪಕ್ಕ ಮಾತ್ರ ಇಡಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಗೆ ಇಟ್ಟು, ಬೆಳಿಗ್ಗೆ ನೋಡಿದರೆ ಬೂಟು ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಒದ್ದೆ ಚರ್ಮ ಬಿಸಿಗೆ ಮುದುಡುತ್ತದೆ. ಒಮ್ಮೆ ಮುದುಡಿದರೆ ಯಾವ ಎಣ್ಣೆ ಹಚ್ಚಿದರೂ ಮೊದಲಿನ ಹಾಗೆ ಆಗುವುದಿಲ್ಲ.

ಮೇಣ ಅಂದರೆ ಮನೆಯಲ್ಲೇ ಮಾಡಿದ್ದು. ಒಂದು ಪಾಲು ಜೇನುಮೇಣ, ಎರಡು ಪಾಲು ಹರಳೆಣ್ಣೆ. ಬಿಸಿ ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ, ಆರಿಸಿದ್ದು. ಅಂಗಡಿಯ ಡಬ್ಬಿಯೂ ಆಗುತ್ತದೆ. ಒಂದು ಬೂಟಿಗೆ ಒಂದು ಅಡಿಕೆ ಗಾತ್ರ ಸಾಕು. ಬೆರಳಲ್ಲೇ ತಿಕ್ಕಿ, ಬೆರಳಿನ ಬಿಸಿಗೆ ಅದು ಇಳಿಯುತ್ತದೆ. ಹೊಲಿಗೆಗಳಿಗೂ, ಅಟ್ಟೆ ಸೇರುವ ಅಂಚಿಗೂ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತುಂಬಿ. ನೀರು ಚರ್ಮಕ್ಕಿಂತ ಮೊದಲು ನುಗ್ಗುವುದು ಹೊಲಿಗೆಯ ತೂತುಗಳಿಂದ ಅಲ್ವಾ? ಆಮೇಲೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ, ಒಂದೇ ಕಡೆ ನಿಲ್ಲಿಸದೆ ಆಡಿಸಿ. ಮೇಲಿದ್ದ ಮೇಣ ಮಿನುಗಿ, ನೋಡನೋಡುತ್ತಿದ್ದಂತೆ ಒಳಗೆ ಹೋಗುತ್ತದೆ. ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿ.

ಸ್ಪ್ರೇ ಕೆಲಸ ಸುಲಭ. ಒಂದು ಗೇಣು ದೂರದಿಂದ ತೆಳ್ಳಗೆ ಒಂದು ಸಲ, ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. ಆದರೆ ಮನೆಯೊಳಗೆ ಬೇಡ, ಅಂಗಳಕ್ಕೆ ಹೋಗಿ. ಆ ಹನಿ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಪೆಟ್ಟು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ನಿಲ್ಲಿ.

ಮರುದಿನ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹುಡುಗನ ಮುಖ ಸಣ್ಣಗಾಯಿತು. ಬಲಗಾಲಿನದು ಇದ್ದ ಹಾಗೇ ಇತ್ತು. ಎಡಗಾಲಿನದು ಅಚ್ಚು ಬೆಲ್ಲ ಹೋಗಿ ಜೋನಿ ಬೆಲ್ಲ ಆಗಿತ್ತು! ಇದಕ್ಕೆ ಕಾರಣ ಇದೆ. ಚರ್ಮ ಅಂದರೆ ಸಿಕ್ಕುಸಿಕ್ಕಾದ ಎಳೆಗಳ ರಾಶಿ, ಎಳೆಗಳ ನಡುವೆ ಗಾಳಿ. ಮೇಣ, ಎಣ್ಣೆ ಹೋಗಿ ಕೂರುವುದು ಆ ಗಾಳಿಯ ಜಾಗದಲ್ಲಿ. ಒದ್ದೆಯಾದ ಬಟ್ಟೆ ಗಾಢವಾಗಿ ಕಾಣುತ್ತದಲ್ಲ, ಹಾಗೇ ಇದೂ. ಬಟ್ಟೆ ಒಣಗುತ್ತದೆ, ಮೇಣ ಒಣಗುವುದಿಲ್ಲ, ಅಷ್ಟೇ ವ್ಯತ್ಯಾಸ. ಸ್ಪ್ರೇ ಜಾಗ ತುಂಬುವುದಿಲ್ಲ. ಪ್ರತಿ ಎಳೆಗೂ ಒಂದು ತೆಳು ಪದರ ಕೊಟ್ಟು ಸುಮ್ಮನಾಗುತ್ತದೆ. ಕೆಸುವಿನ ಎಲೆ ಮೇಲೆ ನೀರು ಮಣಿಯಾಗಿ ಉರುಳುವುದನ್ನು ನೋಡಿದ್ದೀರಲ್ಲ? ಸ್ಪ್ರೇ ಹೊಡೆದ ಬೂಟಿನ ಮೇಲೂ ಅದೇ ಆಟ. ತಿಳಿ ಬಣ್ಣದ ಬೂಟಿದ್ದರೆ ಮೊದಲು ಲೇಸಿನಡಿಯ ನಾಲಿಗೆಯ ಕೆಳಗೆ, ಕಾಣದ ಜಾಗದಲ್ಲಿ ಹಚ್ಚಿ ನೋಡಿ. ನಾನು ನೋಡಿದ್ದೆ, ಹುಡುಗನಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಅವನು ಅದೇ ಜೋಡಿ ಹಾಕಿಕೊಂಡ, ಇಬ್ಬರೂ ತೋಟ ಸುತ್ತಿದೆವು. ಸಣ್ಣ ಮಳೆ, ಮೊಣಕಾಲುದ್ದ ಹುಲ್ಲು, ಬೇಕಾದಷ್ಟು ಉಂಬಳ. ಮೂರು ಗಂಟೆ ನಡೆದು ಬಂದು ಬೂಟುಗಳನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟೆ. "ಅದು ಹಿಟ್ಟು ತೂಗೋದು ಕಣ್ರೀ!" ಅಂತ ಇವಳು ಕೂಗಿದಳು. ಹೊರಡುವಾಗ ಒಂದೊಂದೂ 640 ಗ್ರಾಂ ಆಸುಪಾಸು ಇತ್ತು. ಈಗ ಮೇಣದ್ದು 655, ಸ್ಪ್ರೇಯದ್ದು 690. ಮೊದಲ ಒಂದು ಗಂಟೆ ಸ್ಪ್ರೇ ಚೆನ್ನಾಗಿಯೇ ತಡೆದಿತ್ತು. ಒದ್ದೆ ಹುಲ್ಲು ಬಿಡದೆ ಉಜ್ಜಿದ ಮೇಲೆ, ಬೆರಳು ಮಡಿಚುವ ಗೆರೆಯಲ್ಲಿ ನೀರು ಒಳಗೆ ಬಂದಿದೆ.

ಆದರೆ ಕಾಲುಚೀಲ ಬೇರೆಯೇ ಕಥೆ ಹೇಳಿತು. ಮೇಣದ ಕಾಲಿನದೂ ಒದ್ದೆ! "ಇದೂ ಸೋರಿದೆ ಅಜ್ಜ" ಅಂದ. ಅದು ಸೋರಿದ್ದಲ್ಲ, ಬೆವರು. ಎಳೆಗಳ ನಡುವಿನ ದಾರಿ ಮುಚ್ಚಿದರೆ ಮಳೆ ಒಳಗೆ ಬರುವುದಿಲ್ಲ ನಿಜ, ಕಾಲಿನ ಆವಿಯೂ ಅಷ್ಟು ಸುಲಭವಾಗಿ ಹೊರಗೆ ಹೋಗುವುದಿಲ್ಲ. ಎರಡನ್ನೂ ಗುರುತಿಸುವುದು ಕಷ್ಟವಿಲ್ಲ. ಬೆವರಾದರೆ ಅಂಗಾಲು, ಬೆರಳು ಎಲ್ಲಾ ಕಡೆ ಒಂದೇ ಸಮ ಪಸೆ, ಮುಟ್ಟಿದರೆ ಬೆಚ್ಚಗೆ. ಸೋರಿದ್ದಾದರೆ ಒಂದು ಜಾಗದಿಂದ ಶುರುವಾಗುತ್ತದೆ, ಅಲ್ಲಿ ತಣ್ಣಗೆ ಕೊರೆಯುತ್ತದೆ. ಬಲಗಾಲಿನ ಕಾಲುಚೀಲ ಹಿಮ್ಮಡಿ ಕಡೆ ಒಣಗಿತ್ತು, ಹೆಬ್ಬೆರಳಿನ ಮೇಲೆ ಮಾತ್ರ ನೀರು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಕಾಡು, ತೋಟ, ದಿನವಿಡೀ ಮಳೆ ಅಂದರೆ ಮೇಣ. ಉಣ್ಣೆ ಕಾಲುಚೀಲ ಎರಡು ಜೊತೆ ಇರಲಿ, ಮಧ್ಯಾಹ್ನ ಬದಲಾಯಿಸಿ. ಆಫೀಸು, ಬಸ್ಸು, ನಡುವೆ ಒಂದು ಹನಿ ಮಳೆ ಅಂದರೆ ಸ್ಪ್ರೇ. ಒಳಗೆ ನೀರು ತಡೆಯುವ ಪೊರೆ ಇರುವ ದುಬಾರಿ ಚಾರಣದ ಬೂಟಿಗೂ ಸ್ಪ್ರೇಯೇ ಸರಿ. ಮೇಣ ಹಚ್ಚಿದರೆ ಆ ಪೊರೆಗೆ ಕೊಟ್ಟ ದುಡ್ಡು ದಂಡ. ಸ್ವೀಡ್ ಅಂತಾರಲ್ಲ, ಆ ಮಖಮಲ್ಲಿನ ಥರದ ಚರ್ಮಕ್ಕೆ ಮೇಣ ಮುಟ್ಟಿಸಲೇಬೇಡಿ, ಜುಂಗು ಅಂಟಿ ಕೂರುತ್ತದೆ. ಇನ್ನು ಗದ್ದೆ ನೀರಿನಲ್ಲಿ ನಿಲ್ಲುವುದಾದರೆ ಎರಡೂ ಬೇಡ, ಗಮ್‌ಬೂಟು ಹಾಕಿ.

ಚರ್ಮ ಮೆತ್ತಗಾಗುವ ವಿಷಯ ಎಲ್ಲರೂ ತಪ್ಪು ತಿಳಿಯುತ್ತಾರೆ. ಮೆತ್ತಗೆ ಮಾಡುವುದು ಎಣ್ಣೆ, ಮೇಣ ಅಲ್ಲ. ಬರೀ ಜೇನುಮೇಣ ಹಚ್ಚಿದರೆ ಚಳಿಗೆ ಗಡುಸಾಗುತ್ತದೆ. ಎಣ್ಣೆ ಜಾಸ್ತಿಯಾದರೆ ಕಣಕಾಲಿನ ಹತ್ತಿರ ಬೂಟು ಜೋಲುಬಿದ್ದು, ಇಳಿಜಾರಿನಲ್ಲಿ ಕಾಲು ಹೊರಳುತ್ತದೆ. ಸ್ಪ್ರೇ ಮೆತ್ತಗೂ ಮಾಡುವುದಿಲ್ಲ, ಪೋಷಣೆಯೂ ಕೊಡುವುದಿಲ್ಲ. ಒಣಗಿ ಬಿರುಕು ಬಿಡುತ್ತಿರುವ ಹಳೇ ಬೂಟಿಗೆ ಬರೀ ಸ್ಪ್ರೇ ಹೊಡೆದು ಪ್ರಯೋಜನವಿಲ್ಲ.

ಆಗಸ್ಟಿನಲ್ಲಿ ಅವನ ಫೋನು. ಮೇಣದ ಬೂಟಿನ ಮೇಲೆ ಬೆಳ್ಳಗೆ ಬಂದಿದೆಯಂತೆ, ಬೂಷ್ಟಾ ಅಂತ ಗಾಬರಿ. ಡ್ರೈಯರ್ ಹಿಡಿದು ನೋಡು ಅಂದೆ. ಕರಗಿ ಮಾಯವಾದರೆ ಮೇಲೆ ಬಂದ ಮೇಣ. ಹಾಗೇ ಉಳಿದು, ಚುಕ್ಕಿ ಚುಕ್ಕಿ ಇದ್ದು, ಮುಗ್ಗುಲು ವಾಸನೆ ಬಂದರೆ ಬೂಷ್ಟು. ಮಾಯವಾಯಿತಂತೆ. ಇನ್ನೊಂದರ ಮೇಲೆ ನೀರು ಈಗ ಮಣಿಯಾಗುತ್ತಿಲ್ಲ, ಹರಡುತ್ತಿದೆ ಅಂದ. ಸ್ಪ್ರೇ ಸವೆದಿದೆ ಅಂತ ಅರ್ಥ. ಎರಡು ಬಣ್ಣದ ಬೂಟು ಹಾಕಿಕೊಂಡು ಓಡಾಡಲು ಅವನಿಗೂ ನಾಚಿಕೆ. ಅದಕ್ಕೂ ಮೇಣ ಹಚ್ಚಿಬಿಡು ಅಂದೆ. ಸವೆದ ಸ್ಪ್ರೇ ಮೇಲೆ ಮೇಣ ಇಳಿಯುತ್ತದೆ, ಆದರೆ ಮೇಣ ಕುಡಿದ ಚರ್ಮದ ಮೇಲೆ ಸ್ಪ್ರೇ ನಿಲ್ಲುವುದಿಲ್ಲ. ಹಬ್ಬಕ್ಕೆ ಬಂದಾಗ ನೋಡಿದೆ, ಎರಡೂ ಜೋನಿ ಬೆಲ್ಲ.