ಸೇಲ್ಸ್ ಟೇಬಲ್ ದಿನಾ ಪೂರ್ತಿ ತುಂಬಬೇಕೇ, ಹೊಸದಷ್ಟೇ ಸಾಕೇ?

ಕಾಸರಗೋಡಿನ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕದ ಸರ್ವರ್ ನೋಡಿಕೊಳ್ಳುತ್ತೇನೆ. ಕುಂಬಳೆ, ಉಪ್ಪಳ, ಮುಳ್ಳೇರಿಯದಲ್ಲಿ ಬ್ರಾಂಚುಗಳಿವೆ. ಬೆಳಿಗ್ಗೆ ಎಂಟಕ್ಕೆ ಧಣಿಗಳು ಮೊಬೈಲಿನಲ್ಲಿ ಡ್ಯಾಶ್‌ಬೋರ್ಡ್ ತೆರೆಯುತ್ತಾರೆ. ಅಷ್ಟರೊಳಗೆ ನಿನ್ನೆಯ ಮಾರಾಟ ಅದರಲ್ಲಿ ಬಂದಿರಬೇಕು.

ಮೊದಲು ಫುಲ್ ರೀಲೋಡ್ ನಡೆಯುತ್ತಿತ್ತು. ರಾತ್ರಿ ರಿಪೋರ್ಟ್ ಟೇಬಲ್ ಖಾಲಿ ಮಾಡಿ, ಎಲ್ಲ ವರ್ಷಗಳ ಬಿಲ್ ಸಾಲುಗಳನ್ನು ಮತ್ತೆ ತುಂಬುವುದು. ನಿಧಾನವಾದರೂ ಅದರ ಲೆಕ್ಕ ಎಂದೂ ತಪ್ಪುವುದಿಲ್ಲ. ಟೇಬಲ್ ಎರಡು ಕೋಟಿ ಸಾಲು ಮುಟ್ಟುವಾಗ ಲೋಡ್ ಎರಡು ಗಂಟೆ ಹಿಡಿಯತೊಡಗಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಅದು ಮಧ್ಯದಲ್ಲಿ ನಿಂತರೆ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಖಾಲಿ.

ಹಾಗಾಗಿ ಇನ್ಕ್ರಿಮೆಂಟಲ್ ಲೋಡ್. ಎಲ್ಲರಿಗೂ ಮೊದಲು ಹೊಳೆಯುವ ದಾರಿ ಒಂದೇ: ಕಳೆದ ಸಲ ತಂದ ಸಾಲುಗಳಲ್ಲಿ ಅತಿ ಹೊಸ `updated_at` ಯಾವುದು ಎಂದು ಗುರುತಿಟ್ಟು, ಅದಕ್ಕಿಂತ ಹೊಸದನ್ನು ಮಾತ್ರ ತರುವುದು. ಅದನ್ನು ಪರೀಕ್ಷೆಗೆ ಬೇರೆ ಟೇಬಲ್ಲಿನಲ್ಲಿ ಓಡಿಸಿ, ಹಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದೆ. ಎರಡು ಕಡೆ ತಾಳೆಯಾಗಲಿಲ್ಲ.

ಒಂದು, ಮುಳ್ಳೇರಿಯ. ಅಲ್ಲಿ ನೆಟ್ ಇಲ್ಲದಾಗಲೂ ಬಿಲ್ಲು ಹೊಡೆಯುತ್ತಾರೆ. ಸಂಜೆ 4:10ರ ಬಿಲ್ಲಿಗೆ ಆ ಕಂಪ್ಯೂಟರೇ 4:10 ಎಂದು ಸಮಯ ಹಾಕುತ್ತದೆ, ಆದರೆ ಬಿಲ್ಲು ಇಲ್ಲಿನ ಸರ್ವರಿಗೆ ಮುಟ್ಟುವುದು ಮರುದಿನ. ಅಷ್ಟರಲ್ಲಿ ರಾತ್ರಿಯ ಲೋಡ್ ಮುಗಿದು, ಉಪ್ಪಳದ ಕೊನೆಯ ಬಿಲ್ಲಿನಿಂದಾಗಿ ಗುರುತು 8:52ಕ್ಕೆ ಬಂದಿರುತ್ತದೆ. ಮರುದಿನ ನಾವು ಹುಡುಕುವುದು 8:52ರ ನಂತರದ್ದನ್ನು. 4:10ರ ಬಿಲ್ಲು ಯಾವತ್ತೂ ಸಿಗುವುದಿಲ್ಲ.

ಇನ್ನೊಂದು, ಅಳಿಸಿದ ಬಿಲ್ಲು. ಕುಂಬಳೆಯಲ್ಲಿ ₹18,400ರ ಬಿಲ್ಲನ್ನು ಅಳಿಸಿ ₹10,000 ಮತ್ತು ₹8,400 ಎಂದು ಎರಡು ಮಾಡಿದ್ದರು. ಹೊಸ ಎರಡೂ ಬಂದವು. ಅಳಿಸಿದ ಸಾಲು ಮೂಲದಲ್ಲೇ ಇಲ್ಲವಲ್ಲ, ಅದು ಹೋಯಿತೆಂದು ಯಾರು ಹೇಳಬೇಕು? ಡ್ಯಾಶ್‌ಬೋರ್ಡಿನಲ್ಲಿ ₹36,800.

ಆಮೇಲೆ ಸಮಯದ ಗುರುತನ್ನೇ ಬಿಟ್ಟೆ. ಬಿಲ್ಲಿನ ತಾರೀಖು ಹಿಡಿದು, ಕಳೆದ ತಿಂಗಳ 1ರಿಂದ ಇವತ್ತಿನವರೆಗಿನ ಸಾಲುಗಳನ್ನು ದಿನಾ ಅಳಿಸಿ ಮತ್ತೆ ತುಂಬುತ್ತೇನೆ. ಅಷ್ಟೇ ಯಾಕೆ ಅಂದರೆ, ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ GSTR-1ರ ಗಡುವು ಮುಂದಿನ ತಿಂಗಳ 11. ಅದು ಹೋಗುವವರೆಗೆ ನಮ್ಮಲ್ಲಿ ಹಳೆಯ ಬಿಲ್ಲು ತಿದ್ದುವುದು ಇದ್ದದ್ದೇ. ಹೋದ ಮೇಲೆ ಬದಲಾವಣೆ ಕ್ರೆಡಿಟ್ ನೋಟಿನಲ್ಲಿ, ಅದರದ್ದೇ ತಾರೀಖಿನಲ್ಲಿ ಬರುತ್ತದೆ. ನಿಮ್ಮಲ್ಲಿ ಎಷ್ಟು ಹಿಂದಿನದನ್ನು ತಿದ್ದುತ್ತಾರೆ ಎಂಬುದನ್ನು ಅಕೌಂಟೆಂಟ್ ಹತ್ತಿರ ಕೇಳಿ, ಸುಮ್ನೆ ಏಳು ದಿನ ಎಂದು ಹಾಕಬೇಡಿ.

ನಮ್ಮದು ಪೋಸ್ಟ್‌ಗ್ರೆಸ್. ಮೂಲದಿಂದ ಸಾಲುಗಳನ್ನು ಮೊದಲು `stg_sales`ಗೆ ತಂದು, ನಂತರ psqlನಲ್ಲಿ ಇದು:

```sql
BEGIN;
DELETE FROM rpt_sales
 WHERE bill_date >= :'from_date';
INSERT INTO rpt_sales
SELECT * FROM stg_sales;
COMMIT;
```

ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿರುವುದರಿಂದ ಮಧ್ಯದಲ್ಲಿ ಕರೆಂಟು ಹೋದರೂ ಹಳೆಯ ಸಾಲುಗಳು ಹಾಗೇ ಉಳಿಯುತ್ತವೆ. `DELETE` ಬದಲು `TRUNCATE` ಇದ್ದಿದ್ದರೆ ಲೋಡ್ ಮುಗಿಯುವವರೆಗೆ ಓದುವವರೂ ಕಾಯಬೇಕಿತ್ತು.

`from_date` ಅನ್ನು ಸ್ಕ್ರಿಪ್ಟಿನ ಆರಂಭದಲ್ಲಿ ಒಂದೇ ಸಲ ಲೆಕ್ಕ ಹಾಕಿ ಎರಡೂ ಕಡೆ ಅದನ್ನೇ ಬಳಸಬೇಕು. ಎರಡು ಕಡೆಯೂ `current_date` ಬರೆದರೆ ಏನಾಗುತ್ತದೆ ನೋಡಿ. ಮೇ 31ರ ರಾತ್ರಿ 11:50ಕ್ಕೆ ಏಪ್ರಿಲ್ 1ರಿಂದಿನ ಸಾಲು ತಂದಿರಿ. ಅಳಿಸುವಾಗ ಹನ್ನೆರಡು ದಾಟಿ ಜೂನ್ ಬಂತು, ಮೇ 1ರಿಂದ ಮಾತ್ರ ಅಳಿಯಿತು. ಏಪ್ರಿಲ್ ಪೂರ್ತಿ ಡಬಲ್! ಬಿಲ್ ಸಾಲಿನ ಮೇಲೆ ಪ್ರೈಮರಿ ಕೀ ಇದ್ದರೆ ಎರರ್ ಬಂದು ಲೋಡ್ ನಿಲ್ಲುತ್ತದೆ, ಅದೇ ವಾಸಿ. ಹಾಗೆಯೇ `stg_sales` ಖಾಲಿಯಿದ್ದರೆ ಅಥವಾ ನಿನ್ನೆಗಿಂತ ತೀರಾ ಕಡಿಮೆ ಇದ್ದರೆ ಮುಂದೆ ಹೋಗದಂತೆ ಒಂದು ತಡೆ ಇಟ್ಟಿದ್ದೇನೆ. ಇಲ್ಲದಿದ್ದರೆ ಮೂಲದ ಲೈನ್ ಕೆಟ್ಟ ರಾತ್ರಿ ಎರಡು ತಿಂಗಳ ಮಾರಾಟವೇ ಮಾಯ. ಹೊಸ ತಿಂಗಳ ಮೊದಲ ಲೋಡಿನಲ್ಲಿ ಸಾಲು ಸಹಜವಾಗಿಯೇ ಕಡಿಮೆ ಬರುತ್ತದೆ, ಆ ದಿನಕ್ಕೆ ಖಾಲಿ ಇದೆಯಾ ಎಂದಷ್ಟೇ ನೋಡುತ್ತದೆ.

ಈಗ ಲೋಡ್ ಕೆಲವೇ ನಿಮಿಷದ್ದು. ಗಿರಾಕಿಗಳ ಮತ್ತು ಸಾಮಾನಿನ ಪಟ್ಟಿಗಳು ಸಣ್ಣವು, ಅವಕ್ಕೆ ಈಗಲೂ ದಿನಾ ಫುಲ್ ರೀಲೋಡೇ.

ಕಳೆದ ತಿಂಗಳ 1ಕ್ಕಿಂತ ಹಿಂದಿನ ಬಿಲ್ಲನ್ನು ಯಾರಾದರೂ ಮುಟ್ಟಿದರೆ ಈ ಕ್ರಮಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಭಾನುವಾರ ಮೂಲದಲ್ಲೂ ರಿಪೋರ್ಟಿನಲ್ಲೂ ತಿಂಗಳುವಾರು ಸಾಲಿನ ಸಂಖ್ಯೆ, ಮೊತ್ತ ತೆಗೆದು ಹೋಲಿಸುತ್ತೇನೆ. ತಾಳೆಯಾಗದ ತಿಂಗಳನ್ನು ಮಾತ್ರ ಮತ್ತೆ ತುಂಬಿದರೆ ಸಾಕು.

ಹೊಸ ಕಾಲಂ ಸೇರಿದಾಗ ಅಥವಾ ಲಾಭದ ಲೆಕ್ಕದ ಕ್ರಮ ಬದಲಾದಾಗ ಮಾತ್ರ ಸೇಲ್ಸ್ ಟೇಬಲ್ಲಿಗೆ ಫುಲ್ ರೀಲೋಡ್. ಅದನ್ನು ಬೇರೆ ಟೇಬಲ್ಲಿನಲ್ಲಿ ತುಂಬಿ, ಕೊನೆಗೆ ಹೆಸರು ಅದಲುಬದಲು ಮಾಡುತ್ತೇನೆ. ಡ್ಯಾಶ್‌ಬೋರ್ಡ್ ವ್ಯೂ ಮೂಲಕ ಓದುತ್ತಿದ್ದರೆ ಹುಷಾರು: ಪೋಸ್ಟ್‌ಗ್ರೆಸ್ಸಿನಲ್ಲಿ ವ್ಯೂ ಹಿಡಿದಿಡುವುದು ಟೇಬಲ್ಲನ್ನು, ಅದರ ಹೆಸರನ್ನಲ್ಲ. ಹೆಸರು ಬದಲಿಸಿದ ಮೇಲೆ ವ್ಯೂ ಅನ್ನೂ ಮತ್ತೆ ಬರೆಯದಿದ್ದರೆ ಅದು ಹಳೆಯ ಟೇಬಲ್ಲನ್ನೇ ತೋರಿಸುತ್ತಿರುತ್ತದೆ, ಎರರ್ ಕೂಡ ಬರುವುದಿಲ್ಲ.