ಸಬ್‌ಸ್ಟಿಟ್ಯೂಷನ್ ಹಾಕುವ ಕೆಲಸ ನನ್ನ ತಲೆಗೆ ಬಂದ ಮೇಲೆ ಕಲಿತದ್ದು

ಟೈಮ್‌ಟೇಬಲ್ ನೋಡಿಕೊಳ್ಳುವವರು ಸಬ್‌ಸ್ಟಿಟ್ಯೂಷನ್ ಕೂಡ ಹಾಕಬೇಕು, ಅಂದರೆ ರಜೆ ಹಾಕಿದವರ ಪಿರಿಯಡ್‌ಗೆ ಫ್ರೀ ಇರುವವರನ್ನು ಕಳಿಸಬೇಕು ಅನ್ನುವುದು ನಮ್ಮ ಶಾಲೆಯಲ್ಲಿ ಎಲ್ಲೂ ಬರೆದಿರಲಿಲ್ಲ, ಆದರೂ ಅದು ನನಗೇ ಬಂತು. 22 ಜನ ಶಿಕ್ಷಕರು, 14 ಸೆಕ್ಷನ್, ದಿನಕ್ಕೆ 8 ಪಿರಿಯಡ್, ವಾರಕ್ಕೆ 6 ದಿನ. ಅಂದರೆ ಯಾವುದೇ ಪಿರಿಯಡ್ ತೆಗೆದುಕೊಂಡರೂ ಸುಮಾರು 8 ಜನ ಫ್ರೀ ಇರುತ್ತಾರೆ. ಕೇಳಿದರೆ ಇದೇನು ಮಹಾ ಕೆಲಸ ಅನ್ನಿಸುತ್ತದೆ, ಅಲ್ವಾ?

ಮೊದಲ ಎರಡು ತಿಂಗಳು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಳಿಗ್ಗೆ ಯಾರೋ ರಜೆ ಅಂತ ಮೆಸೇಜ್ ಹಾಕುತ್ತಾರೆ, ನಾನು ಸ್ಟಾಫ್ ರೂಮಿಗೆ ಹೋಗಿ ಯಾರು ಕೂತಿದ್ದಾರೆ ನೋಡಿ "ಮೇಡಂ, ಮೂರನೇ ಪಿರಿಯಡ್ ಒಂಚೂರು ನೋಡ್ಕೊಳ್ತೀರಾ" ಅನ್ನುತ್ತಿದ್ದೆ. ಇದರಲ್ಲಿ ಒಂದು ತಮಾಷೆ ಇದೆ. ಸ್ಟಾಫ್ ರೂಮಿನಲ್ಲಿ ಕೂತು ನೋಟ್‌ಬುಕ್ ತಿದ್ದುವವರೇ ಪ್ರತಿ ಸಲ ಸಿಕ್ಕಿಬೀಳುತ್ತಾರೆ. ಲೈಬ್ರರಿಗೋ ಲ್ಯಾಬಿಗೋ ಹೋಗಿ ಕೂರುವವರು ಸಿಗುವುದೇ ಇಲ್ಲ. ಇಲ್ಲ ಅನ್ನಲು ಬಾರದವರಿಗೆ ಅತಿ ಜಾಸ್ತಿ.

ಆಮೇಲೆ ಒಂದು ಪುಸ್ತಕ ಇಟ್ಟು, ತಿಂಗಳಿಗೆ ಎಲ್ಲರಿಗೂ ಸಮ ಬರುವ ಹಾಗೆ ಎಣಿಸಿ ಹಾಕತೊಡಗಿದೆ. ತಿಂಗಳ ಕೊನೆಗೆ ಹೆಚ್ಚು ಕಡಿಮೆ ಎಲ್ಲರ ಹೆಸರಿನ ಮುಂದೆ 8 ಇತ್ತು. ನನಗೆ ಖುಷಿ. ಗಣಿತದ ಮೇಡಂ ಆ ಹಾಳೆ ನೋಡಿ, "ಎಂಟು ಎಂಟೇ ಸರ್, ಆದ್ರೆ ನನ್ನ ಹತ್ರ ಇದ್ದದ್ದೆಷ್ಟು?" ಅಂದರು. ಅವರಿಗೆ ವಾರಕ್ಕೆ 38 ಪಿರಿಯಡ್, 48ರಲ್ಲಿ ಉಳಿಯುವುದು 10. ನಾಲ್ಕು ವಾರಕ್ಕೆ 40 ಫ್ರೀ, ಅದರಲ್ಲಿ 8 ಹೋದರೆ ಐದರಲ್ಲಿ ಒಂದು ಹೋದ ಹಾಗೆ. ಚಿತ್ರಕಲೆ ಸರ್‌ಗೆ 26 ಪಿರಿಯಡ್, ನಾಲ್ಕು ವಾರಕ್ಕೆ 88 ಫ್ರೀ, ಅವರದ್ದು ಹನ್ನೊಂದರಲ್ಲಿ ಒಂದು. ಸಂಖ್ಯೆ ಒಂದೇ, ಹೊರೆ ಬೇರೆ.

ಅಲ್ಲಿಂದ ನಾನು ಎಷ್ಟು ಸಬ್‌ಸ್ಟಿಟ್ಯೂಷನ್ ಬಂತು ಅಂತ ನೋಡುವುದು ಬಿಟ್ಟು, ಇದ್ದ ಫ್ರೀಯಲ್ಲಿ ಎಷ್ಟು ಪಾಲು ಹೋಯಿತು ಅಂತ ನೋಡತೊಡಗಿದೆ. ಶೀಟಿನಲ್ಲಿ ಎ ಕಾಲಮ್ಮಿಗೆ ಹೆಸರು, ಬಿ ಕಾಲಮ್ಮಿಗೆ ಈ ತನಕ ಸಿಕ್ಕ ಫ್ರೀ, ಸಿ ಕಾಲಮ್ಮಿಗೆ ತೆಗೆದುಕೊಂಡ ಸಬ್‌ಸ್ಟಿಟ್ಯೂಷನ್, ಡಿ ಕಾಲಮ್ಮಿನಲ್ಲಿ ಇಷ್ಟೇ:

```
=IF(B2=0,0,C2/B2)
```

ಆ ಹೊತ್ತಿಗೆ ಫ್ರೀ ಇರುವವರಲ್ಲಿ ಡಿ ಯಾರದ್ದು ಕಡಿಮೆಯೋ ಅವರ ಸರದಿ. ಬಿ ಕಾಲಮ್ ತುಂಬುವಾಗ ಒಂದು ವಿಷಯ ಮರೆಯಬಾರದು: ಆ ಶಿಕ್ಷಕರು ಶಾಲೆಗೆ ಬಂದ ದಿನದ ಫ್ರೀ ಮಾತ್ರ ಸೇರಿಸಬೇಕು. ನಾನಿದನ್ನು ಪೆಟ್ಟು ತಿಂದು ಕಲಿತೆ. ಎಣಿಕೆಯ ಕಾಲದಲ್ಲಿ ಒಬ್ಬ ಸರ್ ಎರಡು ವಾರ ರಜೆಯಲ್ಲಿದ್ದು ಬಂದರು. ಅವರ ಲೆಕ್ಕದಲ್ಲಿ 3, ಉಳಿದವರದ್ದು 6. ಹಾಗಾಗಿ ಬಂದ ದಿನದಿಂದ ಸತತ ಮೂರು ದಿನ ಅವರಿಗೇ ಬಿತ್ತು, ಹುಷಾರಿಲ್ಲದೆ ಮಲಗಿ ಎದ್ದು ಬಂದ ಮನುಷ್ಯನಿಗೆ ಶಿಕ್ಷೆ ಕೊಟ್ಟ ಹಾಗಾಯಿತು. ಪಾಲಿನ ಲೆಕ್ಕದಲ್ಲಿ ಈ ತೊಂದರೆ ಇಲ್ಲ. ವಾರಕ್ಕೆ 17 ಫ್ರೀ ಇರುವವರು ನಾಲ್ಕು ವಾರದಲ್ಲಿ ಎರಡೇ ವಾರ ಬಂದಿದ್ದರೆ 34ಕ್ಕೆ 3, ಪೂರ್ತಿ ಬಂದವರದ್ದು 68ಕ್ಕೆ 6. ಎರಡೂ ಸುಮಾರು 0.09, ಯಾರೂ ಯಾರಿಗೂ ಬಾಕಿ ಇಲ್ಲ.

ಯಾರಿಗೆ ಹಾಕಬೇಕು ಅನ್ನುವುದು ಹೀಗೆ ಸರಿಹೋಯಿತು. ಯಾವ ಪಿರಿಯಡ್ ಮೊದಲು ತುಂಬಬೇಕು ಅನ್ನುವುದು ಬೇರೆಯೇ ಪಾಠ. ಒಂದು ದಿನದ್ದು ಹೇಳುತ್ತೇನೆ. ವಿಜ್ಞಾನದ ಮೇಡಂ ರಜೆ. ಅವರಿಗೆ ಅವತ್ತು 1, 2, 4, 5, 7ನೇ ಪಿರಿಯಡ್. ಒಂದನೆಯದರಿಂದ ಶುರುಮಾಡಿದೆ ಅಂತ ಇಟ್ಟುಕೊಳ್ಳಿ. ಅಲ್ಲಿ 6 ಜನ ಫ್ರೀ, ಪಾಲು ಕಡಿಮೆ ಇರುವುದು ಸಮಾಜದ ಮೇಡಂದು, ಅವರನ್ನು ಹಾಕುತ್ತೇನೆ. ನಾಲ್ಕನೆಯದಕ್ಕೆ ಬಂದಾಗ ಗೊತ್ತಾಗುತ್ತದೆ, ಆ ಹೊತ್ತಿನಲ್ಲಿ ಭಾಷೆಯ ಕ್ಲಾಸುಗಳು ಗುಂಪು ಗುಂಪಾಗಿ ಒಡೆದಿರುವುದರಿಂದ ಫ್ರೀ ಇರುವವರು ಇಬ್ಬರೇ: ಅದೇ ಸಮಾಜದ ಮೇಡಂ, ಮತ್ತು ಪಿ.ಟಿ. ಸರ್. ಪಿ.ಟಿ. ಸರ್‌ಗೆ ಅವತ್ತು ಇರುವುದೇ ಆ ಒಂದು ಫ್ರೀ. ಈಗ ಒಬ್ಬರಿಗೆ ಒಂದೇ ದಿನ ಎರಡು, ಇಲ್ಲವೇ ಇನ್ನೊಬ್ಬರಿಗೆ ಎಂಟಕ್ಕೆ ಎಂಟೂ.

ಅದಕ್ಕೇ ನಾನು ಗಡಿಯಾರದ ಕ್ರಮ ಬಿಟ್ಟು, ಅತಿ ಕಡಿಮೆ ಜನ ಸಿಗುವ ಪಿರಿಯಡ್‌ನಿಂದ ಶುರುಮಾಡುತ್ತೇನೆ. ಅವತ್ತು ಮೊದಲು ನಾಲ್ಕನೆಯದಕ್ಕೆ ಸಮಾಜದ ಮೇಡಂ. ಆಮೇಲೆ ಏಳನೆಯದು, ಅಲ್ಲಿ ಮೂವರಲ್ಲಿ ಪಾಲು ಕಡಿಮೆ ಇದ್ದದ್ದು ಇಂಗ್ಲಿಷ್ ಸರ್‌ಗೆ. ಒಂದಕ್ಕೆ ಚಿತ್ರಕಲೆ ಸರ್, ಎರಡಕ್ಕೆ ಕಂಪ್ಯೂಟರ್ ಮೇಡಂ, ಅಲ್ಲಿ ಜನ ಬೇಕಾದಷ್ಟು ಇದ್ದರು. ಒಬ್ಬರಿಗೂ ದಿನಕ್ಕೆ ಎರಡು ಬೀಳಲಿಲ್ಲ, ಎಲ್ಲರಿಗೂ ಒಂದಾದರೂ ಫ್ರೀ ಉಳಿಯಿತು.

ಐದನೆಯದು ಬಿಟ್ಟೆನಲ್ಲ, ಅದು ಅದಲು ಬದಲು. ಆ ಸೆಕ್ಷನ್‌ಗೆ ಪಾಠ ಮಾಡುವ ಗಣಿತದ ಮೇಡಂ ಆ ಹೊತ್ತಿಗೆ ಫ್ರೀ ಇದ್ದರು. ಅವರು ಅವತ್ತು ಅಲ್ಲಿ ಗಣಿತವೇ ಮಾಡಿದರು, ಎರಡು ದಿನ ಬಿಟ್ಟು ಅದೇ ಸೆಕ್ಷನ್‌ನ ಗಣಿತದ ಪಿರಿಯಡ್‌ಗೆ ವಿಜ್ಞಾನದ ಮೇಡಂ ಹೋದರು. ಇಬ್ಬರ ಪೋರ್ಷನ್ನೂ ನಿಲ್ಲಲಿಲ್ಲ, ಮಕ್ಕಳು ಸುಮ್ನೆ ಗಲಾಟೆ ಮಾಡುತ್ತಾ ಕೂರಲಿಲ್ಲ, ಗಣಿತದ ಮೇಡಂಗೆ ಹೋದ ಫ್ರೀ ವಾಪಸ್ ಬಂತು. ಇದನ್ನು ಸಿ ಕಾಲಮ್ಮಿಗೆ ಸೇರಿಸುವುದಿಲ್ಲ. ನೋಡಬೇಕಾದದ್ದು ಎರಡು: ತೀರಿಸುವ ಪಿರಿಯಡ್‌ನಲ್ಲಿ ರಜೆ ಹಾಕಿದವರು ಫ್ರೀ ಇರಬೇಕು, ರಜೆ ಒಂದೆರಡು ದಿನದ್ದಾಗಿರಬೇಕು. ವಾರಗಟ್ಟಲೆ ರಜೆ ಹೋದವರ ಜೊತೆ ಅದಲು ಬದಲು ಮಾಡಿದರೆ ಸಾಲ ತೀರುವುದೇ ಇಲ್ಲ, ಒಮ್ಮೆ ಮಾಡಿ ನಾನೇ ಹೋಗಿ ಆ ಪಿರಿಯಡ್ ತೀರಿಸಿದ್ದೇನೆ.

ಹೊಸ ಲೆಕ್ಕ ಎಲ್ಲರಿಗೂ ಹಿಡಿಸಿತು ಅಂತಲ್ಲ. ಚಿತ್ರಕಲೆ ಸರ್‌ಗೆ ಮೊದಲಿಗಿಂತ ಜಾಸ್ತಿ ಬರತೊಡಗಿತು, ಅವರು ಬೇಜಾರು ಮಾಡಿಕೊಂಡರು. ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಅವರ ಫ್ರೀ ಎಲ್ಲ ನಿಜವಾದ ಫ್ರೀ ಅಲ್ಲ, ಬಣ್ಣ ಕಲಸಿಡುವುದು, ಹಿಂದಿನ ಕ್ಲಾಸಿನದ್ದು ತೊಳೆದಿಡುವುದು ಅದರಲ್ಲೇ ಆಗಬೇಕು. ಹಾಗಾಗಿ ಪ್ರತಿಯೊಬ್ಬರೂ ವಾರಕ್ಕೆ ಒಂದು ಫ್ರೀಯನ್ನು ಮುಟ್ಟಬಾರದು ಅಂತ ಬರೆದುಕೊಡಬಹುದು ಅಂದೆ. ಅದು ಬಿ ಕಾಲಮ್ಮಿಗೆ ಸೇರುವುದಿಲ್ಲ. ನಂಬುತ್ತೀರೋ ಇಲ್ಲವೋ, ಬಹಳ ಜನ ಶನಿವಾರದ ಕೊನೆಯ ಪಿರಿಯಡ್ ಕೇಳಿದರು! ಒಂದು ಪಿರಿಯಡ್‌ಗೆ ಒಬ್ಬರು ಮಾತ್ರ ಅಂತ ಮಾಡಿ ಚೀಟಿ ಎತ್ತಿಸಿದೆ. 22 ಜನರನ್ನು 48 ಪಿರಿಯಡ್‌ಗೆ ಹಂಚಿದರೆ ಯಾವ ಹೊತ್ತಿಗೂ ಜನ ಕಡಿಮೆ ಬೀಳುವುದಿಲ್ಲ.

ಇನ್ನೊಂದು ನನಗೆ ತಡವಾಗಿ ಕಂಡಿತು. ಯಾರ ಬದಲು ಯಾರು ಹೋದರು ಅಂತ ಬರೆಯುತ್ತಿದ್ದೆ, ಯಾವ ಸೆಕ್ಷನ್‌ಗೆ ಅಂತ ಬರೆಯುತ್ತಿರಲಿಲ್ಲ. ಬರೆಯಲು ಶುರುಮಾಡಿದ ಮೇಲೆ ನೋಡಿದರೆ, ಅತಿ ಗಲಾಟೆಯ ಸೆಕ್ಷನ್‌ಗೆ ನಾನು ಪದೇ ಪದೇ ಒಬ್ಬರೇ ಸರ್ ಅನ್ನು ಕಳಿಸುತ್ತಿದ್ದೆ, ಅವರು ಹೋದರೆ ಕ್ಲಾಸು ತೆಪ್ಪಗಿರುತ್ತದೆ ಅಂತ. ಅವರು ಒಂದು ದಿನವೂ ದೂರಲಿಲ್ಲ. ಈಗ ಒಬ್ಬರಿಗೆ ಆ ಸೆಕ್ಷನ್ ತಿಂಗಳಿಗೆ ಎರಡು ಸಲಕ್ಕಿಂತ ಜಾಸ್ತಿ ಹಾಕುವುದಿಲ್ಲ.

ಇದೆಲ್ಲ ಒಬ್ಬಿಬ್ಬರು ರಜೆ ಹಾಕಿದ ದಿನದ ಮಾತು. ಐವರು ಒಟ್ಟಿಗೆ ರಜೆ ಹಾಕಿದರೆ ತುಂಬಬೇಕಾದ್ದು ಸುಮಾರು 25 ಪಿರಿಯಡ್, ಇರುವುದು 17 ಜನ. ಕೆಲವರಿಗೆ ಎರಡು ಬಿದ್ದೇ ಬೀಳುತ್ತದೆ, ಆಗ ಡಿ ಕಾಲಮ್ ನೋಡಿ ಪ್ರಯೋಜನವಿಲ್ಲ. ಅಂಥ ದಿನ ಒಂದೇ ತರಗತಿಯ ಎರಡು ಸೆಕ್ಷನ್‌ಗಳನ್ನು ಹಾಲ್‌ನಲ್ಲಿ ಕೂರಿಸಿ ಒಬ್ಬರನ್ನು ನಿಲ್ಲಿಸುತ್ತೇನೆ. ಹಾಗೆ ನಿಂತವರ ಹೆಸರಿನ ಮುಂದೆ ಒಂದರ ಬದಲು ಎರಡು ಬರೆಯುತ್ತೇನೆ, ಆ ದಿನ ಹಾಲ್‌ಗೆ ಹೋಗುವವರು ಯಾರು ಅನ್ನುವ ಜಗಳ ಅದರಿಂದ ಅರ್ಧ ಕಡಿಮೆಯಾಗಿದೆ.